ತುಪ್ಪ, ಎಣ್ಣೆ ಮತ್ತು ವಿದ್ಯುತ್ ವ್ಯತ್ಯಯ

1112ರ ಸುಮಾರಿನಲ್ಲಿ 'ಧರ್ಮಾಮೃತ' ಬರೆದ ನಯಸೇನನಿಗೆ ತನ್ನ ಕಾಲದ ಕವಿಗಳ ಮೇಲೆ ಒಂದು ಸಿಟ್ಟಿತ್ತು. ಬರೆಯುವುದಾದರೆ ಸಂಸ್ಕೃತದಲ್ಲೇ ಬರೆಯಲಿ, ಶುದ್ಧ ಕನ್ನಡಕ್ಕೆ ಸಂಸ್ಕೃತವನ್ನು ತಂದು ತುರುಕುವುದೇಕೆ, ತುಪ್ಪವನ್ನೂ ಎಣ್ಣೆಯನ್ನೂ ಬೆರೆಸಿದರೆ ಚೆನ್ನಾಗಿರುತ್ತದೆಯೇ ಎಂಬುದು ಅವನ ತಕರಾರು. ಹೀಗೆ ಕೇಳಿದವನು ಸ್ವತಃ ಸಂಸ್ಕೃತ ಪದಗಳನ್ನು ಬಿಟ್ಟವನಲ್ಲ. ಅವನ ಕಾವ್ಯದ ಹೆಸರೇ ಸಂಸ್ಕೃತ. ಅವನಿಗೂ ಎರಡೂವರೆ ಶತಮಾನ ಹಿಂದೆ ಬಂದ 'ಕವಿರಾಜಮಾರ್ಗ'ದ ಎಚ್ಚರಿಕೆ ಇನ್ನೂ ಖಚಿತವಾದದ್ದು: ಸಂಸ್ಕೃತ ಬರಲಿ, ಆದರೆ ಒಂದೇ ಸಮಾಸದೊಳಗೆ ಕನ್ನಡ ಪದಕ್ಕೆ ಸಂಸ್ಕೃತ ಪದವನ್ನು ಗಂಟು ಹಾಕಬೇಡಿ. ವ್ಯಾಕರಣದಲ್ಲಿ ಅದಕ್ಕೆ ಅರಿಸಮಾಸವೆಂದು ಹೆಸರಾಯಿತು. ಕೇಶಿರಾಜ 13ನೇ ಶತಮಾನದಲ್ಲಿ ಅದನ್ನು ದೋಷವೆಂದೇ ಕರೆದರೂ, ಬಿರುದುಗಳಲ್ಲಿ ಮತ್ತು ಹಿಂದಿನ ಕವಿಗಳ ಬಳಕೆಯಲ್ಲಿ ಒಪ್ಪಿಕೊಂಡ.

ಅದೇ ಶತಮಾನದ ಆಂಡಯ್ಯ 'ಕಬ್ಬಿಗರ ಕಾವ'ದಲ್ಲಿ ತತ್ಸಮಗಳನ್ನೇ ದೂರವಿಟ್ಟ. ಅವನು ಹಿಡಿದ ದಾರಿ ಗಮನಿಸಬೇಕಾದದ್ದು. ದೇಶ್ಯ ಪದಗಳ ಜೊತೆಗೆ ಅವನು ಆತುಕೊಂಡದ್ದು ತದ್ಭವಗಳನ್ನು, ಎಂದರೆ ಸಂಸ್ಕೃತದಿಂದ ಬಂದು ಕನ್ನಡದ ನಾಲಿಗೆಗೆ ತಕ್ಕಂತೆ ಸವೆದ ಪದಗಳನ್ನು. ನಾವು ಅಚ್ಚಗನ್ನಡವೆಂದುಕೊಳ್ಳುವ 'ಬಣ್ಣ', 'ಹಬ್ಬ' ಬಂದದ್ದು 'ವರ್ಣ', 'ಪರ್ವ'ಗಳಿಂದ. ಹೀಗಾಗಿ ಪದದ ಮೂಲ ನೋಡಿ ಅದು ಔಪಚಾರಿಕವೋ ಆಡುಮಾತೋ ಎಂದು ತೀರ್ಮಾನಿಸುವ ಅನುವಾದಕ ಮೊದಲ ಹೆಜ್ಜೆಯಲ್ಲೇ ದಾರಿ ತಪ್ಪುತ್ತಾನೆ. ಗಾಯವಾದ ಮಗು 'ರಕ್ತ ಬರ್ತಿದೆ' ಎಂದೇ ಅಳುತ್ತದೆ. 'ನೆತ್ತರು' ಇಂದು ಹೆಚ್ಚಾಗಿ ಕವಿತೆಯಲ್ಲಿ, ಕಥೆಯಲ್ಲಿ ಉಳಿದಿದೆ. ಸೂರ್ಯ ಬೀದಿಯ ಮಾತು, ನೇಸರು ಕಾವ್ಯದ್ದು. ಇಲ್ಲಿ ಮನೆಮಾತಾಗಿರುವುದು ಸಂಸ್ಕೃತ, ಅಲಂಕಾರವಾಗಿರುವುದು ಕನ್ನಡ.

ಕಚೇರಿಯ ಕನ್ನಡಕ್ಕೆ ಬಂದರೆ ಮೂರನೆಯ ಪಾಲುದಾರನೊಬ್ಬನಿದ್ದಾನೆ. ತಹಶೀಲ್ದಾರ್, ಜಮೀನು, ವಕೀಲ, ಕಾಯ್ದೆ ಎಲ್ಲವೂ ಪಾರಸಿ, ಅರಬ್ಬಿ ಮೂಲದವು. 'ಜಿಲ್ಲಾಧಿಕಾರಿ'ಯನ್ನೇ ನೋಡಿ: ಅರಬ್ಬಿಯ ಜಿಲ್ಲೆಗೆ ಸಂಸ್ಕೃತದ ಅಧಿಕಾರಿ ಸವರ್ಣದೀರ್ಘ ಸಂಧಿಯಾಗಿ ಸೇರಿಕೊಂಡಿದ್ದಾನೆ. ಹಳೆಯ ವ್ಯಾಕರಣಕಾರರು ಇದನ್ನು ಒಪ್ಪುತ್ತಿದ್ದರೋ ಇಲ್ಲವೋ, ಇಂದು ಯಾರ ಕಿವಿಗೂ ಅದು ಚುಚ್ಚುವುದಿಲ್ಲ. ಬಳಕೆ ಸವೆಸಿದ ಮೇಲೆ ಮೂಲದ ಜಗಳ ಮುಗಿಯುತ್ತದೆ.

1963ರ ರಾಜ್ಯ ಅಧಿಕೃತ ಭಾಷಾ ಕಾನೂನಿನ ನಂತರ ಆಡಳಿತದ ಬರಹ ಕ್ರಮೇಣ ಕನ್ನಡಕ್ಕೆ ಬಂದಾಗ ಇಂಗ್ಲಿಷ್ ಪಾರಿಭಾಷಿಕ ಪದಗಳಿಗೆ ಹೆಚ್ಚಾಗಿ ಸಂಸ್ಕೃತವೇ ಒದಗಿತು. ಇದಕ್ಕೆ ಸಕಾರಣವಿದೆ. ಅಧಿನಿಯಮ, ನಿಯಮ, ಅಧಿಸೂಚನೆ ಒಂದೊಂದೂ ಕಾನೂನಿನಲ್ಲಿ ಬೇರೆ ಬೇರೆ ವಸ್ತು. ಶಾಸನಸಭೆ ಅಂಗೀಕರಿಸಿದ್ದು ಅಧಿನಿಯಮ. ಅದರ ಅಡಿಯಲ್ಲಿ ಸರ್ಕಾರ ರಚಿಸುವುದು ನಿಯಮ. ಓದುಗನಿಗೆ ಸುಲಭವಾಗಲೆಂದು ಇವೆರಡನ್ನೂ 'ಕಟ್ಟಳೆ' ಎಂದುಬಿಟ್ಟರೆ ಯಾವುದನ್ನು ಯಾರು ಬದಲಿಸಬಹುದು ಎಂಬುದೇ ಕಲಸಿಹೋಗುತ್ತದೆ. ಕಾನೂನಿನ ಪಠ್ಯಕ್ಕೆ ಬೇಕಾದದ್ದು ಗಾಂಭೀರ್ಯಕ್ಕಿಂತ ಹೆಚ್ಚಾಗಿ ಸ್ಥಿರತೆ: ಒಂದು ಪರಿಕಲ್ಪನೆಗೆ ಮೊದಲ ಪುಟದಿಂದ ಕೊನೆಯ ಪುಟದವರೆಗೆ ಒಂದೇ ಪದ.

ತೊಂದರೆ ಶುರುವಾಗುವುದು ಈ ಸಂಸ್ಕೃತವು ಪಾರಿಭಾಷಿಕ ಪದಗಳಿಂದಾಚೆಗೆ, ಕ್ರಿಯಾಪದಕ್ಕೂ ಹಬ್ಬಿದಾಗ. ಪತ್ರಿಕೆಗಳಲ್ಲಿ ನಾವೆಲ್ಲ ಓದುವಂಥ ಒಂದು ಪ್ರಕಟಣೆಯನ್ನು ತೆಗೆದುಕೊಳ್ಳೋಣ: 'ವಿದ್ಯುತ್ ಉಪಕೇಂದ್ರದಲ್ಲಿ ತುರ್ತು ನಿರ್ವಹಣಾ ಕಾಮಗಾರಿ ಕೈಗೊಳ್ಳಲಾಗುತ್ತಿರುವ ಹಿನ್ನೆಲೆಯಲ್ಲಿ ಬೆಳಿಗ್ಗೆ 10ರಿಂದ ಸಂಜೆ 4ರವರೆಗೆ ವಿದ್ಯುತ್ ಸರಬರಾಜಿನಲ್ಲಿ ವ್ಯತ್ಯಯ ಉಂಟಾಗಲಿದೆ.' ಕರೆಂಟು ಆರು ಗಂಟೆ ಪೂರ್ತಿ ಇರುವುದಿಲ್ಲವೋ, ಹೋಗಿ ಬಂದು ಮಾಡುತ್ತದೆಯೋ? 'ವ್ಯತ್ಯಯ' ಎಂದರೆ ಏರುಪೇರು, ಅಡ್ಡಿ, ಎರಡಕ್ಕೂ ಹೊಂದುತ್ತದೆ. ಹಿಟ್ಟಿನ ಗಿರಣಿಯವನಿಗೆ ಬೇಕಾದ ಒಂದೇ ಸಂಗತಿ ಇಲ್ಲಿ ಮರೆಯಾಗಿದೆ.

ಇದನ್ನು ತಿದ್ದುವಾಗ ನಾಮಪದಗಳ ತಂಟೆಗೆ ಹೋಗಬೇಕಾಗಿಲ್ಲ. 'ವಿದ್ಯುತ್' ಇರಲಿ, 'ಉಪಕೇಂದ್ರ' ಇರಲಿ. ಅದು ಇಲಾಖೆಯೇ ಹೆಸರಿಟ್ಟ ಜಾಗ. ವಿದ್ಯುತ್ತಿಗೆ ಹೊಸದೊಂದು ಅಚ್ಚಗನ್ನಡ ಪದ ಟಂಕಿಸಿದರೆ ಓದುಗ ಅಲ್ಲೇ ತಡೆದು ನಿಲ್ಲುತ್ತಾನೆ. ಬದಲಾಗಬೇಕಾದದ್ದು 'ಕೈಗೊಳ್ಳಲಾಗುತ್ತಿರುವ ಹಿನ್ನೆಲೆಯಲ್ಲಿ' ಮತ್ತು 'ವ್ಯತ್ಯಯ ಉಂಟಾಗಲಿದೆ' ಎಂಬ ಎರಡು ಕಡೆ ಮಾತ್ರ: 'ವಿದ್ಯುತ್ ಉಪಕೇಂದ್ರದಲ್ಲಿ ತುರ್ತು ನಿರ್ವಹಣಾ ಕಾಮಗಾರಿ ನಡೆಯುವುದರಿಂದ ಬೆಳಿಗ್ಗೆ 10ರಿಂದ ಸಂಜೆ 4ರವರೆಗೆ ವಿದ್ಯುತ್ ಸರಬರಾಜು ಇರುವುದಿಲ್ಲ.' ಕಚೇರಿಯ ಘನತೆ ಕುಂದಲಿಲ್ಲ, ಅರ್ಥ ತಿಳಿಯಾಯಿತು. ಇದನ್ನೇ ಆಟೋದಲ್ಲಿ ಮೈಕು ಕಟ್ಟಿ ಸಾರುವುದಾದರೆ 'ಸಂಜೆ ನಾಲ್ಕರ ತನಕ ಕರೆಂಟ್ ಇರಲ್ಲ' ಎನ್ನಬೇಕು. ಆದರೆ ಅಚ್ಚಿನಲ್ಲಿ 'ಇರಲ್ಲ' ಎಂದರೆ ಸಹಿ ಹಾಕಿದ ಎಂಜಿನಿಯರ್ ಸಲಿಗೆ ತೋರಿದಂತಾಗುತ್ತದೆ. ಮೈಕಿನಲ್ಲಿ 'ಇರುವುದಿಲ್ಲ' ಎಂದರೆ ಓದಿ ಹೇಳಿದಂತೆ ಕೇಳಿಸುತ್ತದೆ. ಎರಡೂ ಅಪ್ಪಟ ಕನ್ನಡವೇ, ಬೇರೆಯಾದದ್ದು ಕ್ರಿಯಾಪದದ ಬಾಲ ಮಾತ್ರ.

ಬೆರಕೆ ಕೆಟ್ಟಿರುವುದನ್ನು ಕಂಡುಹಿಡಿಯಲು ವಾಕ್ಯವನ್ನು ಗಟ್ಟಿಯಾಗಿ ಓದಿದರೆ ಸಾಕು. 'ಮಕ್ಕಳಿಗೆ ಕಾಯಿಸಿ ಆರಿಸಿದ ಜಲವನ್ನು ಕುಡಿಸಿ' ಎಂದಾಗ ಕಿವಿ 'ಜಲ'ದ ಹತ್ತಿರ ಎಡವುತ್ತದೆ. ಕಾಯಿಸು, ಆರಿಸು, ಕುಡಿಸು ಇವುಗಳ ನಡುವೆ ಕೂರುವುದು ನೀರೇ. 'ಜಲಮಂಡಳಿ', 'ಜಲಾಶಯ'ಗಳಲ್ಲಿ ಅದೇ ಪದ ಸಲೀಸಾಗಿ ಕೂರುತ್ತದೆ, ಏಕೆಂದರೆ ಅಲ್ಲಿ ಎರಡೂ ಕಡೆ ಒಂದೇ ಜಾತಿಯ ಪದಗಳಿವೆ. ನಯಸೇನ ಬೇಡವೆಂದ ಬೆರಕೆ 'ಕಾಯಿಸಿ ಆರಿಸಿದ ಜಲ'ದಂಥದ್ದು.