ಯಾವಾಗ ಬಂದು ಸೇರುತ್ತೀರಿ?

ಬೆಂಗಳೂರಿನ ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬಳು ಮ್ಯೂನಿಕ್‌ನ ಸಣ್ಣ ಕಂಪನಿಯೊಂದಕ್ಕೆ ಅರ್ಜಿಯ ಮೇಲ್ ಬರೆಯುತ್ತಿದ್ದಾಳೆ ಎಂದುಕೊಳ್ಳಿ. ಅನುಭವವನ್ನೆಲ್ಲ ಚೆನ್ನಾಗಿ ಹೇಳಿ, ಕೊನೆಗೆ ‘ನನಗೆ ವೀಸಾ ಸ್ಪಾನ್ಸರ್‌ಶಿಪ್ ಬೇಕು, ಕೂಡಲೇ ಬರಲು ಸಿದ್ಧಳಿದ್ದೇನೆ’ ಎಂದು ಸೇರಿಸುತ್ತಾಳೆ. ಕೆಲಸ ಕೆಡುವುದು ಈ ಸಾಲಿನಲ್ಲೇ.

ಸ್ಪಾನ್ಸರ್‌ಶಿಪ್ ಎಂಬುದು ಅಮೆರಿಕ, ಬ್ರಿಟನ್‌ಗಳ ಮಾತು. ಅಮೆರಿಕದ ಎಚ್‌-1ಬಿ ವೀಸಾಕ್ಕೆ ಕಂಪನಿಯೇ ಅರ್ಜಿ ಹಾಕಬೇಕು. ಬ್ರಿಟನ್‌ನಲ್ಲಿ ಕಂಪನಿಗೆ ಅದಕ್ಕಾಗಿಯೇ ಪರವಾನಗಿ ಬೇಕು. ಜರ್ಮನಿಯಲ್ಲಿ ಹಾಗಿಲ್ಲ. ಬ್ಲೂ ಕಾರ್ಡ್‌ಗಾಗಿ ಹೋಗುವವರು ವೀಸಾ ಅರ್ಜಿಯನ್ನು ತಾವೇ ಹಾಕುತ್ತಾರೆ. ಕಂಪನಿ ಕೊಡಬೇಕಾದದ್ದು ಮುಖ್ಯವಾಗಿ ಕೆಲಸದ ಕರಾರು ಮತ್ತು ಕೆಲಸದ ವಿವರ ತುಂಬಿ ಸಹಿ ಹಾಕಿದ ಒಂದು ನಮೂನೆ. ವಿದೇಶದಿಂದ ಯಾರನ್ನೂ ಕರೆಸಿಕೊಂಡಿರದ ಮ್ಯಾನೇಜರ್ ‘ಸ್ಪಾನ್ಸರ್’ ಎಂಬ ಪದ ಕಂಡು, ಇಲ್ಲದ ಹೊರೆಯನ್ನು ಊಹಿಸಿಕೊಂಡು ಅರ್ಜಿ ಬದಿಗಿಡಬಹುದು.

ಇನ್ನು ಪದವಿಯ ಮಾತು. ಭಾರತದ ಪದವಿ ಜರ್ಮನಿಯ ಪದವಿಗೆ ಸಮವೇ ಎಂಬುದನ್ನು ‘ಅನಾಬಿನ್’ ಎಂಬ ಅಲ್ಲಿನ ಸರ್ಕಾರಿ ದತ್ತಾಂಶದಲ್ಲಿ ಯಾರು ಬೇಕಾದರೂ ನೋಡಬಹುದು. ವಿಶ್ವವಿದ್ಯಾಲಯದ ಮುಂದೆ H+ ಎಂದಿದ್ದರಷ್ಟೇ ಸಾಲದು, ಪದವಿಯೂ ಸಮಾನವೆಂದು ದಾಖಲಾಗಿರಬೇಕು. ಇಲ್ಲದಿದ್ದರೆ ಪ್ರತ್ಯೇಕ ಪ್ರಮಾಣಪತ್ರ ತರಿಸಬೇಕು, ಅದಕ್ಕೆ ಸಮಯ ಹಿಡಿಯುತ್ತದೆ. ಮೇಲ್ ಬರೆಯುವ ಮೊದಲೇ ಇದನ್ನು ನೋಡಿಕೊಂಡವರ ಮಾತಿಗೆ ತೂಕ ಹೆಚ್ಚು.

‘ಕೂಡಲೇ’ ಎಂಬುದಂತೂ ನಿಜವೇ ಅಲ್ಲ. ಅವಳ ನೋಟಿಸ್ ಪೀರಿಯಡ್ 90 ದಿನ. ಜನವರಿ 10ಕ್ಕೆ ಕರಾರಿಗೆ ಸಹಿ ಬಿತ್ತು, ವೀಸಾ ಮಾರ್ಚ್ 15ಕ್ಕೆ ಕೈಸೇರಿತು ಎಂದಿಟ್ಟುಕೊಳ್ಳಿ. ವೀಸಾ ಸಿಗುವ ಮೊದಲು ರಾಜೀನಾಮೆ ಕೊಡಬೇಡಿ ಎಂದೇ ನಾನು ಹೇಳುತ್ತೇನೆ. ಅದು ತಿರಸ್ಕೃತವಾದರೆ ಎರಡೂ ಕೆಲಸ ಇರುವುದಿಲ್ಲ. ಮಾರ್ಚ್ 15ರಿಂದ 90 ದಿನ ಎಂದರೆ ಜೂನ್ 13. ಸೇರುವುದು ಜುಲೈ 1ಕ್ಕೆ. ನೋಟಿಸ್ 60 ದಿನಕ್ಕೆ ಇಳಿದರೆ ಜೂನ್ 1. ಸಂದರ್ಶನಗಳು ಎಷ್ಟು ಕಾಲ ನಡೆಯುತ್ತವೋ ತಿಳಿಯದ ಕಾರಣ ಮೇಲ್‌ನಲ್ಲಿ ತಾರೀಖು ಕೊಡದೆ, ಸಹಿಯಾದ ದಿನದಿಂದ ಲೆಕ್ಕ ಹೇಳಬೇಕು.

ಹಾಗಾಗಿ ಕೊನೆಯ ಪ್ಯಾರಾ ಹೀಗಿರಲಿ: ‘ನಾನು ಭಾರತೀಯ ಪ್ರಜೆ, ಈಗ ಬೆಂಗಳೂರಿನಲ್ಲಿದ್ದೇನೆ. ನನ್ನ ವಿಶ್ವವಿದ್ಯಾಲಯ ಅನಾಬಿನ್‌ನಲ್ಲಿ H+ ಎಂದಿದೆ, ಪದವಿಯೂ ಸಮಾನವೆಂದು ದಾಖಲಾಗಿದೆ. ಬ್ಲೂ ಕಾರ್ಡ್ ವೀಸಾಕ್ಕೆ ನಾನೇ ಅರ್ಜಿ ಹಾಕುತ್ತೇನೆ. ನಿಮ್ಮಿಂದ ಬೇಕಾದದ್ದು ಕರಾರು ಮತ್ತು ಕೆಲಸದ ವಿವರದ ನಮೂನೆ. ನನ್ನ ನೋಟಿಸ್ 90 ದಿನ. ಕರಾರಿಗೆ ಸಹಿಯಾದ ಐದರಿಂದ ಆರು ತಿಂಗಳೊಳಗೆ ಬಂದು ಸೇರಬಲ್ಲೆ ಎಂದು ಅಂದಾಜಿಸಿದ್ದೇನೆ.’

ಕಂಪನಿ ವಿದೇಶಿಯರ ಕಚೇರಿಯಲ್ಲಿ 411 ಯೂರೊ ಕಟ್ಟಿ ತ್ವರಿತ ಪ್ರಕ್ರಿಯೆ ಆರಂಭಿಸಿದರೆ ವೀಸಾದ ಕಾಲ ಇನ್ನೂ ತಗ್ಗಬಹುದು. ಆ ವಿಷಯವನ್ನು ಮೊದಲ ಮೇಲ್‌ನಲ್ಲಿ ಎತ್ತದೆ, ಕೆಲಸ ಕೊಡುತ್ತೇವೆ ಎಂದು ಅವರು ಹೇಳಿದ ಮೇಲೆ ಕೇಳಿದರಾಯಿತು.