ಮೊದಲು ತಪ್ಪಿದ ಸಾಲು

ಪರೀಕ್ಷೆಗೆ ಎರಡು ವಾರ ಉಳಿದಾಗ ಮೆಕ್ಯಾನಿಕ್ಸ್ ಪುನರಾವರ್ತನೆಗೆ ಕೂತ ಪಿಯುಸಿ ವಿದ್ಯಾರ್ಥಿಗಳು ಸಾಮಾನ್ಯವಾಗಿ ಪುಸ್ತಕದ ಮೊದಲ ಅಧ್ಯಾಯ ತೆರೆಯುತ್ತಾರೆ. ಚೆನ್ನಾಗಿ ಬರುವ ಭಾಗಕ್ಕೇ ಮೊದಲ ವಾರ ಹೋಗುತ್ತದೆ, ತೊಡಕಿನ ಭಾಗಕ್ಕೆ ಬರುವಷ್ಟರಲ್ಲಿ ದಿನಗಳು ಮುಗಿದಿರುತ್ತವೆ. ಇದಕ್ಕಿಂತ ಉಪಯೋಗದ ದಾರಿ ಅವರ ಮೊಬೈಲಿನಲ್ಲೇ ಇದೆ. ಲೆಕ್ಕ ಮಾಡಿ ಮೇಷ್ಟ್ರಿಗೆ ಕಳಿಸಲೆಂದು ತೆಗೆದ ಪುಟಗಳ ಫೋಟೊಗಳನ್ನು ಒಟ್ಟುಮಾಡಿ ನೋಡಿದರೆ, ಎಲ್ಲಿ ಪದೇ ಪದೇ ಎಡವುತ್ತಿದ್ದೇವೆ ಎಂಬುದು ಬರವಣಿಗೆಯಲ್ಲೇ ಸಿಗುತ್ತದೆ.

ಸಿಇಟಿಯ ಭೌತಶಾಸ್ತ್ರದಲ್ಲಿ 80 ನಿಮಿಷಕ್ಕೆ 60 ಪ್ರಶ್ನೆ. ಒಎಂಆರ್ ಹಾಳೆ ಉತ್ತರವನ್ನಷ್ಟೇ ತೋರಿಸುತ್ತದೆ, ದಾರಿಯನ್ನು ತೋರಿಸುವುದಿಲ್ಲ. ಹಾಗಾಗಿ ಅಭ್ಯಾಸವನ್ನಾದರೂ ಬಿಡಿಸಿ ಬರೆಯಬೇಕು. ಫೋಟೊವನ್ನು ಉತ್ತರ ನೋಡುವ ಮೊದಲೇ ತೆಗೆಯಬೇಕು, ಚಿತ್ರವೂ ಸೇರಿ ಇಡೀ ಪುಟ ಕಾಣಬೇಕು, ಮೂಲೆಯಲ್ಲಿ ತಾರೀಖು ಮತ್ತು ಪ್ರಶ್ನೆಯ ಸಂಖ್ಯೆ ಇರಬೇಕು. ಹೊಡೆದು ಹಾಕಿದ ಸಾಲನ್ನು ರಬ್ಬರಿನಿಂದ ಅಳಿಸಬಾರದು, ಏಕೆಂದರೆ ಮನಸ್ಸು ಮೊದಲು ಯಾವ ಕಡೆಗೆ ಹೋಯಿತು ಎಂದು ಹೇಳುವುದು ಆ ಸಾಲೇ.

ಮೊದಲ ಎರಡು ದಿನ ಹೊಸ ಲೆಕ್ಕ ಬೇಡ. ಹಿಂದಿನ ಒಂದೆರಡು ತಿಂಗಳ ಫೋಟೊಗಳಲ್ಲಿ ತಪ್ಪಾದವನ್ನು ಆರಿಸಿ, ಪ್ರತಿಯೊಂದರಲ್ಲೂ ತಪ್ಪು ಮೊದಲು ಕಾಣಿಸಿಕೊಂಡ ಸಾಲಿಗೆ ಗುರುತು ಹಾಕಬೇಕು. ಕೊನೆಯ ಉತ್ತರದ ಪಕ್ಕದ ಕೆಂಪು ಗುರುತಿನಿಂದ ಏನೂ ತಿಳಿಯದು. ಆ ಸಾಲಿನಲ್ಲಿ ಏನಾಗಿದೆ ಎಂಬುದನ್ನು ಪಕ್ಕದಲ್ಲಿ ಸ್ವಂತ ಮಾತಿನಲ್ಲಿ ಬರೆಯಬೇಕು. ಅಧ್ಯಾಯದ ಹೆಸರು ಬರೆಯಬಾರದು. ಒಮ್ಮೆ ಮಾತ್ರ ಕಂಡದ್ದನ್ನು, ಉದಾಹರಣೆಗೆ ಕೂಡುವಾಗ ತಪ್ಪಿದ್ದನ್ನು, ಬಿಟ್ಟುಬಿಡಿ. ಬೇರೆ ಬೇರೆ ಅಧ್ಯಾಯಗಳಲ್ಲಿ ಮೂರು ಸಲ ಕಂಡದ್ದು ಯೋಜನೆಗೆ ಸೇರುತ್ತದೆ. ಹೀಗೆ ಆರಿಸಿದಾಗ ಸಾಮಾನ್ಯವಾಗಿ ಮೂರು ನಾಲ್ಕು ತಪ್ಪುಗಳೇ ಬಹುಪಾಲು ಪುಟಗಳನ್ನು ಕೆಡಿಸಿರುವುದು ಕಾಣುತ್ತದೆ.

ಅವುಗಳಲ್ಲಿ ನಾನು ಅತಿ ಹೆಚ್ಚು ಕಂಡಿರುವುದು N = mg ಎಂಬ ಸಾಲು. ಒಂದು ಲೆಕ್ಕ ತೆಗೆದುಕೊಳ್ಳೋಣ. ನೆಲದ ಮೇಲೆ 5 ಕಿಲೋದ ಪೆಟ್ಟಿಗೆಯಿದೆ. ಹಗ್ಗ ಕಟ್ಟಿ, ನೆಲಕ್ಕೆ 30 ಡಿಗ್ರಿ ಮೇಲ್ಮುಖವಾಗಿ 20 ನ್ಯೂಟನ್ ಬಲದಿಂದ ಎಳೆಯುತ್ತಿದ್ದೇವೆ. ನಿಂತ ಪೆಟ್ಟಿಗೆಯ ಘರ್ಷಣಾ ಗುಣಾಂಕ 0.4, g ಬೆಲೆ 10. ಪೆಟ್ಟಿಗೆ ಕದಲುತ್ತದೆಯೇ?

ಫೋಟೊದಲ್ಲಿ ಕಾಣುವ ಬರವಣಿಗೆ ಹೀಗಿರುತ್ತದೆ: N = mg = 50. ಘರ್ಷಣೆಯ ಮಿತಿ 0.4 × 50 = 20 ನ್ಯೂಟನ್. ಎಳೆತದ ಅಡ್ಡ ಭಾಗ 20 cos 30° = 17.3 ನ್ಯೂಟನ್. ಮಿತಿಗಿಂತ ಕಡಿಮೆ, ಆದ್ದರಿಂದ ಕದಲುವುದಿಲ್ಲ. ಗುಣಾಕಾರ ಸರಿ, cos ಸರಿ, ಹೋಲಿಕೆಯೂ ಸರಿ. ಆದರೆ ಹಗ್ಗ ಪೆಟ್ಟಿಗೆಯನ್ನು ಸ್ವಲ್ಪ ಮೇಲಕ್ಕೂ ಎತ್ತುತ್ತಿದೆ, 20 sin 30° ಅಂದರೆ 10 ನ್ಯೂಟನ್‌ನಷ್ಟು. ಆದ್ದರಿಂದ ನೆಲ ಹೊರಬೇಕಾದದ್ದು 40 ನ್ಯೂಟನ್ ಮಾತ್ರ. ಘರ್ಷಣೆಯ ಮಿತಿ 16ಕ್ಕೆ ಇಳಿಯುತ್ತದೆ, ಪೆಟ್ಟಿಗೆ ಕದಲುತ್ತದೆ. ಮೊದಲ ಸಾಲೊಂದು ತಪ್ಪಿದ್ದಕ್ಕೆ ಉತ್ತರವೇ ತಿರುಗಿಬಿದ್ದಿದೆ.

ಇದೇ ಸಾಲು ಮೇಲೇರುವ ಲಿಫ್ಟಿನ ಲೆಕ್ಕದಲ್ಲಿ, ಇಳಿಜಾರಿನ ಲೆಕ್ಕದಲ್ಲಿ, ಘರ್ಷಣೆ ಮಾಡಿದ ಕೆಲಸದ ಲೆಕ್ಕದಲ್ಲಿ ಮತ್ತೆ ಮತ್ತೆ ಬರುತ್ತದೆ. ಅಧ್ಯಾಯದ ಪ್ರಕಾರ ಓದುವವರಿಗೆ ಇವು ಮೂರು ಬೇರೆ ಬೇರೆ ದೌರ್ಬಲ್ಯಗಳಂತೆ ತೋರುತ್ತವೆ. ಫೋಟೊಗಳನ್ನು ಅಕ್ಕಪಕ್ಕ ಇಟ್ಟಾಗ ಮೂರಕ್ಕೂ ಬೇರು ಒಂದೇ ಎಂದು ಗೊತ್ತಾಗುತ್ತದೆ. ಚಪ್ಪಟೆ ನೆಲದ ಮೇಲೆ ಸುಮ್ಮನೆ ಕೂತ ವಸ್ತುವಿಗೆ ಮಾತ್ರ ಹೊಂದುವ ಒಂದು ಫಲಿತಾಂಶವನ್ನು ವಿದ್ಯಾರ್ಥಿ ಸೂತ್ರವೆಂದು ನೆನಪಿಟ್ಟುಕೊಂಡಿದ್ದಾನೆ.

ಆದ್ದರಿಂದ ಮೂರನೆಯ ದಿನದಿಂದ ಐದನೆಯ ದಿನದವರೆಗೆ ಈ ಒಂದೇ ತಪ್ಪಿನ ಕೆಲಸ. ದಿನಕ್ಕೆ ಹತ್ತು ಲೆಕ್ಕ ಆರಿಸಿಕೊಳ್ಳಬೇಕು, ಆದರೆ ಯಾವುದನ್ನೂ ಕೊನೆ ಮುಟ್ಟಿಸಬಾರದು. ವಸ್ತುವನ್ನು ಒಂಟಿಯಾಗಿ ಬಿಡಿಸಿ, ಅದರ ಮೇಲಿನ ಬಲಗಳಿಗೆಲ್ಲ ಬಾಣ ಹಾಕಿ, ಮೇಲ್ಮೈಗೆ ಲಂಬವಾದ ದಿಕ್ಕಿನ ಸಮೀಕರಣ ಬರೆದು ನಿಲ್ಲಿಸಬೇಕು. ಒಂದಕ್ಕೆ ಎರಡು ಮೂರು ನಿಮಿಷ ಸಾಕು. ಉತ್ತರದ ಕಡೆ ಓಡುವ ಆತುರ ಇಲ್ಲದಿದ್ದಾಗ ಕಣ್ಣು ಚಿತ್ರದ ಮೇಲೆ ನಿಲ್ಲುತ್ತದೆ. N ಎಷ್ಟು ಎಂಬುದು ಆ ಸಮೀಕರಣದಿಂದ ಹೊರಬರಬೇಕೇ ಹೊರತು ಅದಕ್ಕೂ ಮೊದಲೇ ಬರೆದಿಟ್ಟಿರಬಾರದು.

ಆರು, ಏಳನೆಯ ದಿನ ಘರ್ಷಣೆಗೆ. ಅದೇ ಪೆಟ್ಟಿಗೆಯನ್ನು ಈಗ ನೆಲಕ್ಕೆ ಸಮಾನಾಂತರವಾಗಿ 12 ನ್ಯೂಟನ್‌ನಿಂದ ಎಳೆದರೆ ಕೆಲವರು ಘರ್ಷಣೆ 20 ಎಂದು ಬರೆದು, 12ರಿಂದ 20 ಕಳೆದು, ವೇಗೋತ್ಕರ್ಷ −1.6 ಎನ್ನುತ್ತಾರೆ. ಮುಂದಕ್ಕೆ ಎಳೆದ ಪೆಟ್ಟಿಗೆ ಹಿಂದಕ್ಕೆ ಹೊರಟಂತಾಯಿತು! 20 ಎಂಬುದು ಘರ್ಷಣೆ ಏರಬಹುದಾದ ಮಿತಿ. ಪೆಟ್ಟಿಗೆ ನಿಂತಿರುವಾಗ ಎಳೆದಷ್ಟಕ್ಕೆ ತಕ್ಕಂತೆ, ಇಲ್ಲಿ 12 ನ್ಯೂಟನ್, ಘರ್ಷಣೆ ಹುಟ್ಟುತ್ತದೆ. ಮೊದಲು ಮಿತಿಯ ಜೊತೆ ಹೋಲಿಸಿ, ಕದಲುತ್ತದೋ ಇಲ್ಲವೋ ಎಂದು ಒಂದು ವಾಕ್ಯ ಬರೆದು ಮುಂದುವರಿಯುವ ಅಭ್ಯಾಸ ಈ ಎರಡು ದಿನಗಳಲ್ಲಿ ಆಗಬೇಕು.

ಎಂಟು, ಒಂಬತ್ತನೆಯ ದಿನ ಹಗ್ಗದ ಎಳೆತಕ್ಕೆ. ನುಣುಪಾದ ಮೇಜಿನ ಮೇಲೆ 3 ಕಿಲೋ, ರಾಟೆಯ ಮೇಲಿಂದ ಇಳಿದ ಹಗ್ಗದಲ್ಲಿ 2 ಕಿಲೋ ತೂಗುತ್ತಿದೆ. ಎಳೆತ 20 ನ್ಯೂಟನ್ ಎಂದು ಬರೆದರೆ ತೂಗುವ ವಸ್ತುವಿನ ಮೇಲೆ ಒಟ್ಟು ಬಲ ಸೊನ್ನೆಯಾಗಿ ಅದು ಇಳಿಯುವುದೇ ಇಲ್ಲ. ಎರಡೂ ವಸ್ತುಗಳಿಗೆ ಬೇರೆ ಬೇರೆ ಸಮೀಕರಣ ಬರೆದಾಗ ವೇಗೋತ್ಕರ್ಷ 4, ಎಳೆತ 12 ನ್ಯೂಟನ್ ಎಂದು ಬರುತ್ತದೆ.

ಹತ್ತನೆಯ ದಿನ ನಾಲ್ಕನೆಯ ತಪ್ಪಿಗೆ. ಅದು ಒಬ್ಬೊಬ್ಬರಿಗೆ ಒಂದೊಂದು ಇರುತ್ತದೆ. ವರ್ತುಲ ಚಲನೆಯಲ್ಲಿ ಕೇಂದ್ರಾಭಿಮುಖ ಬಲವನ್ನು ಉಳಿದ ಬಲಗಳ ಜೊತೆ ಹೊಸದೊಂದು ಬಾಣವಾಗಿ ಸೇರಿಸುವುದು ಹಲವರ ಪುಟಗಳಲ್ಲಿ ಕಾಣುತ್ತದೆ.

ಕಡೆಯ ನಾಲ್ಕು ದಿನ ಮರುಪರೀಕ್ಷೆಗೆ. ಇಲ್ಲಿ ಒಂದು ಎಚ್ಚರ ಬೇಕು. ಮೂರು ದಿನ N ಬಗ್ಗೆಯೇ ಲೆಕ್ಕ ಮಾಡಿದವರು mg − F sin θ ಎಂಬ ಇನ್ನೊಂದು ಸೂತ್ರವನ್ನು ಬಾಯಿಪಾಠ ಮಾಡಿಕೊಂಡಿರಬಹುದು. ತಿಳಿದುಕೊಂಡಿದ್ದಾರೋ ಇಲ್ಲವೋ ನೋಡಲು ಅದೇ ಪೆಟ್ಟಿಗೆಯನ್ನು ಅದೇ 20 ನ್ಯೂಟನ್‌ನಿಂದ, ಹಿಂದಿನಿಂದ 30 ಡಿಗ್ರಿ ಕೆಳಮುಖವಾಗಿ ತಳ್ಳುವ ಪ್ರಶ್ನೆ ಕೊಡಬೇಕು. ತಳ್ಳುವಾಗ ಬಲದ ಒಂದು ಭಾಗ ಪೆಟ್ಟಿಗೆಯನ್ನು ನೆಲಕ್ಕೆ ಒತ್ತುತ್ತದೆ, N = 60, ಮಿತಿ 24. ಎಳೆದಾಗ ಕದಲಿದ ಪೆಟ್ಟಿಗೆ ತಳ್ಳಿದಾಗ ಕದಲುವುದಿಲ್ಲ. ಇಲ್ಲಿಯೂ 40 ಎಂದು ಬರೆದವರು ಚಿತ್ರದಿಂದ ಬಂದಿಲ್ಲ, ನೆನಪಿನಿಂದ ಬಂದಿದ್ದಾರೆ. ಅವರು ಮೂರನೆಯ ದಿನದ ಕೆಲಸವನ್ನು ಮತ್ತೊಂದು ಸಂಜೆ ಮಾಡಬೇಕು.

ಮರುಪರೀಕ್ಷೆಯ ಪ್ರಶ್ನೆಗಳನ್ನು ಕಲಸಿ ಕೊಡಬೇಕು. ಮೇಲೆ ‘ಘರ್ಷಣೆ’ ಎಂಬ ತಲೆಬರಹ ಇದ್ದರೆ ಅರ್ಧ ಉತ್ತರ ಕೊಟ್ಟಂತೆಯೇ. ಎರಡು ದಿನಗಳ ಅಂತರದಲ್ಲಿ, ಹಿಂದೆ ನೋಡಿರದ ಎರಡೆರಡು ಲೆಕ್ಕಗಳಲ್ಲಿ ಆ ತಪ್ಪು ಬಾರದಿದ್ದರೆ ಅದನ್ನು ಪಟ್ಟಿಯಿಂದ ತೆಗೆಯಬಹುದು. ಈ ಪುಟಗಳನ್ನೂ ಫೋಟೊ ತೆಗೆದು ಹಳೆಯದರ ಪಕ್ಕ ಇಟ್ಟು ನೋಡಿ.

ಫೋಟೊಗಳಲ್ಲಿ ಬಾರದ ಸಂಗತಿಯೂ ಒಂದಿದೆ. ಕೈಯೇ ಹಾಕದೆ ಬಿಟ್ಟ ಲೆಕ್ಕದ ಪುಟವನ್ನು ಯಾರೂ ಫೋಟೊ ತೆಗೆಯುವುದಿಲ್ಲ. ಹಾಗೆ ಬಿಟ್ಟ ಪ್ರಶ್ನೆಗಳ ಸಂಖ್ಯೆಗಳನ್ನು ಮೊದಲ ದಿನವೇ ಬೇರೆ ಹಾಳೆಯಲ್ಲಿ ಬರೆದುಕೊಳ್ಳಬೇಕು. ಅವು ಹೆಚ್ಚಾಗಿ ಆವರ್ತ ಚಲನೆಯ, ಟಾರ್ಕ್‌ನ ಲೆಕ್ಕಗಳಾಗಿದ್ದರೆ ತೊಂದರೆ ತಪ್ಪಿನದಲ್ಲ, ಪಾಠವೇ ಕೂತಿಲ್ಲ. ಈ ಹದಿನಾಲ್ಕು ದಿನಗಳಲ್ಲಿ ಅದು ಸರಿಹೋಗದು. ಅದಕ್ಕೆ ಮೇಷ್ಟ್ರ ಬಳಿ ಬೇರೆಯೇ ಸಮಯ ಕೇಳಿಕೊಂಡು ಆ ಅಧ್ಯಾಯವನ್ನು ಮೊದಲಿನಿಂದ ಪಾಠ ಹೇಳಿಸಿಕೊಳ್ಳಬೇಕು.