ಹಳೇ ಕಾರಿನ ಬೆಲೆ ಎಷ್ಟು, ಬೋನಸ್ ಎಷ್ಟು?

ಶೋರೂಮಿನಲ್ಲಿ ಹೊಸ ಕಾರಿನ ಲೆಕ್ಕ ಒಂದೇ ಹಾಳೆಯಲ್ಲಿ ಮುಗಿಯುತ್ತದೆ. ಮೇಲೆ ಎಕ್ಸ್-ಶೋರೂಮ್ ಬೆಲೆ, ಕೆಳಗೆ ರಸ್ತೆ ತೆರಿಗೆ, ವಿಮೆ. ಒಟ್ಟು ಮೊತ್ತದಿಂದ ‘ಎಕ್ಸ್‌ಚೇಂಜ್’ ಎಂದು ಒಂದಿಷ್ಟು ಕಳೆಯುತ್ತಾರೆ, ಉಳಿದದ್ದನ್ನು ಕಟ್ಟಿದರೆ ಕೀಲಿ ಕೈಗೆ ಬರುತ್ತದೆ. ಮನೆ ಬಳಕೆಗೆ ಕೊಳ್ಳುವವರಿಗೆ ಇಷ್ಟು ಸಾಕು. ಕಾರು ಅಂಗಡಿಯ ಹೆಸರಿನಲ್ಲಿದ್ದರೆ ಮಾತ್ರ ಈ ಹಾಳೆ ಲೆಕ್ಕ ಬರೆಯುವವರ ಮೇಜಿಗೆ ಬರುತ್ತದೆ. ತೊಡಕು ಶುರುವಾಗುವುದು ಅಲ್ಲಿಂದ.

ಬಹಳ ಕಡೆ ನಡೆಯುವುದು ಹೀಗೆ. ಬ್ಯಾಂಕ್ ಖಾತೆಯಿಂದ ಹೋದ ಹಣ ಮತ್ತು ಹೊಸದಾಗಿ ತೆಗೆದ ಸಾಲ, ಎರಡನ್ನೂ ಕೂಡಿಸಿ ‘ಹೊಸ ಕಾರು’ ಎಂದು ಬರೆದುಬಿಡುತ್ತಾರೆ. ಹಳೇ ಕಾರು ಆಸ್ತಿ ಪಟ್ಟಿಯಲ್ಲಿ ಹಾಗೆಯೇ ಉಳಿದುಹೋಗುತ್ತದೆ. ಅಂಗಡಿಯ ಮುಂದೆ ನಿಂತಿರುವುದು ಒಂದು ಕಾರು, ಪುಸ್ತಕದಲ್ಲಿರುವುದು ಎರಡು. ಇಲ್ಲದ ಕಾರಿಗೆ ವರ್ಷ ವರ್ಷವೂ ಸವಕಳಿ ಹಾಕುವುದು ಮುಂದುವರಿಯುತ್ತದೆ. ಇರುವ ಕಾರಿನ ಬೆಲೆ ನಿಜಕ್ಕಿಂತ ಲಕ್ಷಗಟ್ಟಲೆ ಕಡಿಮೆ ಕಾಣುತ್ತದೆ.

ಇದು ತಪ್ಪಾಗಲು ಕಾರಣ ಒಂದೇ. ಎಕ್ಸ್‌ಚೇಂಜ್ ಎಂದರೆ ಒಂದು ವ್ಯವಹಾರ ಎಂದು ತೋರುತ್ತದೆ, ನಿಜಕ್ಕೂ ಅದು ಎರಡು. ಅಂಗಡಿಯವರು ಡೀಲರಿಗೆ ಹಳೇ ಕಾರನ್ನು ಮಾರಿದ್ದಾರೆ. ಅದೇ ಹೊತ್ತಿಗೆ ಅವರಿಂದ ಹೊಸ ಕಾರನ್ನು ಕೊಂಡಿದ್ದಾರೆ. ಮಾರಾಟದ ಹಣ ಕೈಗೆ ಬರದೆ ಖರೀದಿಯ ಬಾಕಿಗೆ ಜಮೆಯಾಗಿದೆ, ಅಷ್ಟೇ. ಮಾರಾಟಕ್ಕೆ ಲಾಭ ನಷ್ಟ ಇರುತ್ತದೆ, ಖರೀದಿಗೆ ಪೂರ್ತಿ ಬೆಲೆ ಇರುತ್ತದೆ. ಎರಡನ್ನೂ ಬೇರೆ ಬೇರೆಯಾಗಿಯೇ ಬರೆಯಬೇಕು.

ದಾವಣಗೆರೆಯಲ್ಲಿ ಪಾಲುದಾರರು ನಡೆಸುವ ಒಂದು ಹಾರ್ಡ್‌ವೇರ್ ಅಂಗಡಿಯನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಅವರು 2021ರ ಏಪ್ರಿಲ್ 1ರಂದು 8,00,000 ರೂಪಾಯಿಗೆ ಕಾರು ಕೊಂಡಿದ್ದರು. ಎಂಟು ವರ್ಷ ಓಡುತ್ತದೆ, ಕೊನೆಗೆ 40,000 ರೂಪಾಯಿ ಬರುತ್ತದೆ ಎಂಬ ಅಂದಾಜಿನಲ್ಲಿ ವರ್ಷಕ್ಕೆ 95,000 ರೂಪಾಯಿ ಸಮ ಕಂತಿನ ಸವಕಳಿ ಹಾಕುತ್ತಾ ಬಂದರು. 2025ರ ಸೆಪ್ಟೆಂಬರ್ 30ರಂದು ಆ ಕಾರನ್ನು ಕೊಟ್ಟು ಹೊಸದನ್ನು ತಂದರು.

ಶೋರೂಮಿನ ಹಾಳೆ ಹೀಗಿತ್ತು: ಹೊಸ ಕಾರಿನ ಎಕ್ಸ್-ಶೋರೂಮ್ ಬೆಲೆ 9,50,000, ಜೀವಾವಧಿ ತೆರಿಗೆ ಮತ್ತು ನೋಂದಣಿ 1,45,000, ವಿಮೆ 40,000. ಒಟ್ಟು 11,35,000. ಇದರಲ್ಲಿ ಎಕ್ಸ್‌ಚೇಂಜ್ ಎಂದು 4,10,000 ಕಳೆದು 7,25,000 ಕಟ್ಟಬೇಕಾಯಿತು. ಅದರಲ್ಲಿ 6,00,000 ಬ್ಯಾಂಕ್ ಸಾಲ, 1,25,000 ಅಂಗಡಿಯ ಖಾತೆಯಿಂದ.

ಮೊದಲ ಕೆಲಸ ಹಳೇ ಕಾರಿನ ಸವಕಳಿಯನ್ನು ಮಾರಿದ ದಿನದವರೆಗೆ ತರುವುದು. ಕಳೆದ ಮಾರ್ಚ್‌ಗೆ ನಾಲ್ಕು ವರ್ಷದ 3,80,000 ಆಗಿತ್ತು. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಆರು ತಿಂಗಳಿಗೆ ಇನ್ನೂ 47,500. ಒಟ್ಟು ಸವಕಳಿ 4,27,500, ಉಳಿದ ಪುಸ್ತಕ ಬೆಲೆ 3,72,500. ಈ ಆರು ತಿಂಗಳ ಸವಕಳಿಯನ್ನು ಬಿಟ್ಟರೆ ಲಾಭ ನಷ್ಟದ ಅಂಕಿಯೇ ತಪ್ಪುತ್ತದೆ. ಓಡಿಸಿ ಸವೆಸಿದ ಖರ್ಚೆಲ್ಲ ಮಾರಾಟದ ನಷ್ಟದ ವೇಷ ಹಾಕಿಕೊಳ್ಳುತ್ತದೆ.

ಮುಂದಿನ ಪ್ರಶ್ನೆ, ಹಳೇ ಕಾರು ಎಷ್ಟಕ್ಕೆ ಮಾರಾಟವಾಯಿತು? ಹಾಳೆ 4,10,000 ಎನ್ನುತ್ತದೆ. ಪುಸ್ತಕ ಬೆಲೆ 3,72,500 ಇರುವುದರಿಂದ 37,500 ಲಾಭ ಎಂದು ಬರೆದರೆ ಎಲ್ಲರಿಗೂ ಸಂತೋಷ. ಆದರೆ ಡೀಲರನ್ನು ಬಿಡಿಸಿ ಕೇಳಿದಾಗ ತಿಳಿದದ್ದು ಬೇರೆ: ಕಾರನ್ನು ನೋಡಿ, ಓಡಿಸಿ, ಕಟ್ಟಿದ ಬೆಲೆ 3,60,000. ಮಿಕ್ಕ 50,000 ಕಾರು ತಯಾರಿಸುವ ಕಂಪನಿ ಕೊಡುವ ‘ಎಕ್ಸ್‌ಚೇಂಜ್ ಬೋನಸ್’.

ಈ ಬೋನಸ್ ಹಳೇ ಕಾರಿನ ಬೆಲೆಯಲ್ಲ. ಹೊಸ ಕಾರು ಮಾರಾಟವಾಗಲಿ ಎಂದು ಅದರ ಬೆಲೆಯಲ್ಲಿ ಬಿಟ್ಟುಕೊಟ್ಟ ರಿಯಾಯಿತಿ. ಪರೀಕ್ಷೆ ಸುಲಭ. ಹೊಸದನ್ನು ಕೊಳ್ಳದೆ ಹಳೆಯದನ್ನಷ್ಟೇ ಮಾರಲು ಹೋದರೆ ಎಷ್ಟು ಸಿಗುತ್ತಿತ್ತು? ಆ ಮೊತ್ತವೇ ಹಳೇ ಕಾರಿನ ಬೆಲೆ. ಮಾರಾಟದ ಲಾಭ ನಷ್ಟವೆಂದರೆ ವಿಲೇವಾರಿಯಿಂದ ಬಂದ ಮೊತ್ತಕ್ಕೂ ಪುಸ್ತಕ ಬೆಲೆಗೂ ಇರುವ ಅಂತರ ಎನ್ನುತ್ತದೆ ಸ್ಥಿರಾಸ್ತಿಗಳ ಕುರಿತ ಲೆಕ್ಕ ಮಾನದಂಡ, ಎಎಸ್-10. ಕೊಳ್ಳುವ ಆಸ್ತಿಗೆ ಸಿಕ್ಕ ರಿಯಾಯಿತಿಯನ್ನು ಅದರ ಬೆಲೆಯಿಂದ ಕಳೆಯಬೇಕು ಎನ್ನುವುದೂ ಅದೇ ಮಾನದಂಡ. ಆದ್ದರಿಂದ ಇಲ್ಲಿ ಆದದ್ದು 37,500 ಲಾಭವಲ್ಲ, 12,500 ನಷ್ಟ. ಒಂದೇ ಹಾಳೆಯ ಒಂದು ಸಾಲನ್ನು ಬಿಡಿಸಿ ಓದಿದ್ದಕ್ಕೆ ಲಾಭ ಹೋಗಿ ನಷ್ಟ ಬಂತು.

ಇನ್ನು ಹೊಸ ಕಾರು. 9,50,000ದಿಂದ ಬೋನಸ್ 50,000 ಕಳೆದು, ತೆರಿಗೆ ಮತ್ತು ನೋಂದಣಿಯ 1,45,000 ಕೂಡಿಸಿದರೆ 10,45,000. ಆಸ್ತಿ ಪಟ್ಟಿಗೆ ಹೋಗಬೇಕಾದ ಮೊತ್ತ ಇದು. ಕಾರಿನ ಜಿಎಸ್‌ಟಿಗೆ ಹಾರ್ಡ್‌ವೇರ್ ವ್ಯಾಪಾರಿ ಇನ್‌ಪುಟ್ ಕ್ರೆಡಿಟ್ ಪಡೆಯುವಂತಿಲ್ಲ, ಹಾಗಾಗಿ ಅದು ಬೆಲೆಯೊಳಗೇ ಉಳಿಯುತ್ತದೆ. ವಿಮೆಯ 40,000 ಆಸ್ತಿಯಲ್ಲ, ಖರ್ಚು. ಅದರಲ್ಲೂ ಮಾರ್ಚ್ ನಂತರದ ಅವಧಿಗೆ ಸೇರಿದ ಭಾಗವನ್ನು ಮುಂಗಡ ಎಂದು ಮುಂದಿನ ವರ್ಷಕ್ಕೆ ಒಯ್ಯಬೇಕು. ಆನ್‌ರೋಡ್ ಬೆಲೆ ಎಂಬ ಒಂದೇ ಹೆಸರಿನಲ್ಲಿ ವಿಮೆಯನ್ನೂ ಕಾರಿಗೆ ಸೇರಿಸುವುದು ಎಷ್ಟೋ ಪುಸ್ತಕಗಳಲ್ಲಿ ಕಾಣುತ್ತದೆ. ಕಾರಿನ ಬೆಲೆ ಹತ್ತು ಲಕ್ಷ ದಾಟಿದರೆ ಡೀಲರ್ ಶೇ. 1ರಷ್ಟು ಟಿಸಿಎಸ್ ವಸೂಲಿ ಮಾಡುತ್ತಾರೆ. ಅದು ಆದಾಯ ತೆರಿಗೆಯಲ್ಲಿ ಹೊಂದಿಸಿಕೊಳ್ಳಬಹುದಾದ ಹಣ, ಅದನ್ನೂ ಕಾರಿನ ಬೆಲೆಗೆ ಸೇರಿಸಬಾರದು.

ಕಿರ್ದಿಗೆ ಬರೆಯುವಾಗ ಡೀಲರ್ ಹೆಸರಿನಲ್ಲಿ ಒಂದು ಖಾತೆ ತೆರೆಯುವುದೇ ಎಲ್ಲಕ್ಕಿಂತ ದೊಡ್ಡ ಉಪಾಯ. ಆರು ತಿಂಗಳ ಸವಕಳಿ ಬರೆದ ಮೇಲೆ ಮಾರಾಟದ ಜರ್ನಲ್ ಹೀಗಿರುತ್ತದೆ (ಟ್ಯಾಲಿ ಬಳಸುವವರಿಗೆ ಇದು F7 ವೋಚರ್):

ಡೀಲರ್ ಖಾತೆ, ಡೆಬಿಟ್ 3,60,000
ಸಂಚಿತ ಸವಕಳಿ ಖಾತೆ, ಡೆಬಿಟ್ 4,27,500
ಆಸ್ತಿ ಮಾರಾಟದ ನಷ್ಟ, ಡೆಬಿಟ್ 12,500
ಹಳೇ ಕಾರು ಖಾತೆ, ಕ್ರೆಡಿಟ್ 8,00,000

ಹಳೇ ಕಾರು ತನ್ನ ಮೂಲ ಬೆಲೆ ಮತ್ತು ಸವಕಳಿಯ ಸಮೇತ ಪುಸ್ತಕದಿಂದ ಹೊರಗೆ ಹೋಯಿತು. ಖರೀದಿಗೆ ಹೊಸ ಕಾರು 10,45,000 ಮತ್ತು ವಿಮೆ 40,000 ಡೆಬಿಟ್, ಡೀಲರಿಗೆ 10,85,000 ಕ್ರೆಡಿಟ್. ಕೊನೆಗೆ ಪಾವತಿ: ಡೀಲರಿಗೆ 7,25,000 ಡೆಬಿಟ್, ವಾಹನ ಸಾಲಕ್ಕೆ 6,00,000 ಮತ್ತು ಬ್ಯಾಂಕಿಗೆ 1,25,000 ಕ್ರೆಡಿಟ್. ಸಾಲದ ಹಣವನ್ನು ಬ್ಯಾಂಕ್ ನೇರವಾಗಿ ಡೀಲರಿಗೆ ಕಳಿಸಿ, ಅಂಗಡಿಯ ಖಾತೆಯಲ್ಲಿ ಕಾಣದಿದ್ದರೂ ಈ ನಮೂದು ಬೇಕು.

ಈಗ ಡೀಲರ್ ಖಾತೆಯನ್ನು ತೆರೆದು ನೋಡಿ. ಒಂದು ಕಡೆ 3,60,000 ಮತ್ತು 7,25,000, ಇನ್ನೊಂದು ಕಡೆ 10,85,000. ಬಾಕಿ ಸೊನ್ನೆ. ಅಲ್ಲಿ ಏನಾದರೂ ಉಳಿದಿದ್ದರೆ ಒಂದು ನಮೂದು ತಪ್ಪಿದೆ ಎಂದೇ ಅರ್ಥ. 50,000 ಉಳಿದಿದ್ದರೆ ಬೋನಸ್ ಇನ್ನೂ ಬಂದಿಲ್ಲ ಅಥವಾ ಅದನ್ನು ಬರೆದಿಲ್ಲ. 40,000 ಆದರೆ ವಿಮೆ ಬಿಟ್ಟುಹೋಗಿದೆ. ಕೆಲವೊಮ್ಮೆ ಹಳೇ ಕಾರನ್ನು ಕೊಳ್ಳುವುದು ಡೀಲರ್ ಅಲ್ಲ, ಅವರು ಕರೆತಂದ ಬೇರೊಬ್ಬ ವ್ಯಾಪಾರಿ. ಆಗ 3,60,000 ಮೊದಲು ಆ ವ್ಯಾಪಾರಿಯ ಹೆಸರಿಗೆ ಡೆಬಿಟ್ ಆಗಬೇಕು, ಅವರು ಹಣವನ್ನು ಡೀಲರಿಗೆ ಕೊಟ್ಟ ದಿನ ಅಲ್ಲಿಂದ ಡೀಲರ್ ಖಾತೆಗೆ ಹೋಗಬೇಕು. ಹಳೇ ಕಾರಿನ ಮೇಲೆ ಸಾಲ ಉಳಿದಿದ್ದು ಅದನ್ನು ಡೀಲರ್ ತೀರಿಸಿದ್ದರೆ, ಆ ಮೊತ್ತವನ್ನು ಹಳೇ ಸಾಲಕ್ಕೆ ಡೆಬಿಟ್, ಡೀಲರಿಗೆ ಕ್ರೆಡಿಟ್ ಮಾಡಬೇಕು. ಕಾರಿನ ಮಾರಾಟ ಬೆಲೆ ಮಾತ್ರ 3,60,000ವೇ ಇರುತ್ತದೆ.

ಹಳೆಯದನ್ನು ಕೊಟ್ಟರೂ ಬಿಲ್ ಪೂರ್ತಿ ಬೆಲೆಗೇ ಯಾಕೆ ಬರುತ್ತದೆ ಎಂದು ಕೆಲವರು ಕೇಳುತ್ತಾರೆ. ಜಿಎಸ್‌ಟಿ ನಿಯಮ 27ರಲ್ಲಿಯೇ ಇದಕ್ಕೆ ಉದಾಹರಣೆ ಇದೆ. ಹಳೇ ಫೋನ್ ಜೊತೆಗೆ 20,000 ರೂಪಾಯಿ ತೆಗೆದುಕೊಂಡು ಹೊಸ ಫೋನ್ ಕೊಟ್ಟಿದ್ದಾರೆ. ಹಳೆಯದನ್ನು ಕೊಡದಿದ್ದರೆ ಹೊಸದರ ಬೆಲೆ 24,000. ಹಾಗಾದರೆ ತೆರಿಗೆ ಲೆಕ್ಕಕ್ಕೆ ಬೆಲೆ 24,000ವೇ. ಕಾರಿಗೂ ಇದೇ ನ್ಯಾಯ.

ಹಳೇ ಕಾರನ್ನು ಕೊಟ್ಟ ಅಂಗಡಿಯವರೂ ಜಿಎಸ್‌ಟಿ ನೋಂದಣಿ ಇದ್ದರೆ ಒಂದು ಮಾರಾಟ ಮಾಡಿದಂತೆಯೇ. 2025ರ ಜನವರಿ 16ರಿಂದ ಎಲ್ಲ ಬಗೆಯ ಹಳೇ ವಾಹನಗಳಿಗೆ ದರ ಶೇ. 18. ಆದರೆ ಕೊಳ್ಳುವಾಗ ಇನ್‌ಪುಟ್ ಕ್ರೆಡಿಟ್ ಪಡೆಯದಿದ್ದರೆ ಈ ತೆರಿಗೆ ಪೂರ್ತಿ ಬೆಲೆಯ ಮೇಲಲ್ಲ, ಅಂತರದ ಮೇಲೆ ಮಾತ್ರ. ಅಂತರ ಎಂದರೆ ಮಾರಿದ ಬೆಲೆಯಲ್ಲಿ ಆದಾಯ ತೆರಿಗೆ ಸವಕಳಿ ಕಳೆದುಳಿದ ಬೆಲೆಯನ್ನು ಕಳೆದದ್ದು, ಅಂಗಡಿಯ ಪುಸ್ತಕ ಬೆಲೆಯನ್ನಲ್ಲ. ಶೇ. 15ರ ಲೆಕ್ಕದಲ್ಲಿ ಈ ಕಾರಿನ ತೆರಿಗೆ ಬೆಲೆ 2025ರ ಮಾರ್ಚ್‌ಗೆ 4,17,605. ಮಾರಿದ್ದು 3,60,000ಕ್ಕೆ. ಅಂತರ ಸೊನ್ನೆಗಿಂತ ಕೆಳಗಿದೆ, ತೆರಿಗೆ ಇಲ್ಲ. ಕ್ರೆಡಿಟ್ ಪಡೆದು ಕೊಂಡ ಸರಕು ಸಾಗಣೆ ವಾಹನಕ್ಕೆ ಈ ಸವಲತ್ತು ಸಿಗುವುದಿಲ್ಲ, ಅದರ ಲೆಕ್ಕ ಬೇರೆ.

ಆದಾಯ ತೆರಿಗೆಯಲ್ಲಿ ಈ 12,500ರ ನಷ್ಟಕ್ಕೆ ಜಾಗವೇ ಇಲ್ಲ ಎಂಬುದು ಅನೇಕರಿಗೆ ಅಚ್ಚರಿ. ಅಲ್ಲಿ ಒಂದೊಂದು ಕಾರಿಗೆ ಲೆಕ್ಕವಿಲ್ಲ, ಒಂದೇ ದರದ ಆಸ್ತಿಗಳೆಲ್ಲ ಸೇರಿ ಒಂದು ಗುಂಪು. 4,17,605ಕ್ಕೆ ಹೊಸ ಕಾರಿನ 10,45,000 ಸೇರಿಸಿ, ಹಳೆಯದರಿಂದ ಬಂದ 3,60,000 ಕಳೆದರೆ 11,02,605. ಶೇ. 15ರಂತೆ ಸವಕಳಿ ಸುಮಾರು 1,65,400. ಪುಸ್ತಕದಲ್ಲಿ ಬರೆದ ನಷ್ಟವನ್ನು ತೆರಿಗೆ ಲೆಕ್ಕದಲ್ಲಿ ಆದಾಯಕ್ಕೆ ಮರಳಿ ಕೂಡಿಸುತ್ತಾರೆ, ಲಾಭವಾಗಿದ್ದರೆ ಕಳೆಯುತ್ತಾರೆ. ನಷ್ಟ ಸುಳ್ಳೆಂದಲ್ಲ, ಅದು ಗುಂಪಿನೊಳಗೇ ಉಳಿದು ಮುಂದಿನ ವರ್ಷಗಳ ಸವಕಳಿಯಾಗಿ ಕರಗುತ್ತದೆ. ಇಲ್ಲಿ ದಿನಾಂಕಕ್ಕೂ ಬೆಲೆ ಇದೆ. ಹೊಸ ಕಾರು ಆ ವರ್ಷ 180 ದಿನಕ್ಕಿಂತ ಕಡಿಮೆ ಬಳಕೆಯಾದರೆ ಅದಕ್ಕೆ ಅರ್ಧ ಸವಕಳಿ ಮಾತ್ರ. ಸೆಪ್ಟೆಂಬರ್ 30ಕ್ಕೆ ರಸ್ತೆಗಿಳಿದದ್ದರಿಂದ ಈ ಅಂಗಡಿಗೆ ಪೂರ್ತಿ ದರ ಸಿಕ್ಕಿತು. ಡೆಲಿವರಿ ದಸರೆ ಮುಗಿಸಿ ಅಕ್ಟೋಬರ್ ಎರಡನೇ ವಾರಕ್ಕೆ ಹೋಗಿದ್ದರೆ ಸಿಗುತ್ತಿರಲಿಲ್ಲ.

ಇಷ್ಟೆಲ್ಲ ಲೆಕ್ಕ ನಿಂತಿರುವುದು ಹಳೇ ಕಾರಿನ ಬೆಲೆ ಮತ್ತು ಬೋನಸ್ ಎಂಬ ಎರಡು ಅಂಕಿಗಳ ಮೇಲೆ. ಇವು ಮಾರ್ಚ್ ಕೊನೆಗೆ ಆಡಿಟರ್ ಕೇಳಿದಾಗ ಶೋರೂಮಿನಲ್ಲಿ ಸಿಗುವುದು ಕಷ್ಟ, ಅಷ್ಟರೊಳಗೆ ಆ ಮಾರಾಟಗಾರ ಬೇರೆ ಕಡೆ ಕೆಲಸಕ್ಕೆ ಸೇರಿರಬಹುದು. ವ್ಯಾಪಾರದ ಹೆಸರಿನಲ್ಲಿ ವಾಹನ ಬದಲಾಯಿಸುವವರು ಡೆಲಿವರಿಯ ದಿನವೇ ಹಳೇ ವಾಹನದ ಬೆಲೆ ಮತ್ತು ಬೋನಸ್ ಬೇರೆ ಬೇರೆಯಾಗಿ ಬರೆದ, ಡೀಲರ್ ಸಹಿ ಮತ್ತು ಮೊಹರು ಇರುವ ಒಂದು ಹಾಳೆಯನ್ನು ಕೇಳಿ ಪಡೆಯಿರಿ.